ಇಂಜಿನ್ನಿಗಿಂತ ಮೊದಲು ಚಾಸಿಸ್

ಸೆಕೆಂಡ್ ಹ್ಯಾಂಡ್ ಬೈಕು ನೋಡಲು ಹೋದವರು ಮೊದಲು ಏನು ಮಾಡುತ್ತಾರೆಂದು ಗಮನಿಸಿದ್ದೀರಾ? ಕೀಲಿ ತಿರುಗಿಸುತ್ತಾರೆ, ಕಿಕ್ಕರ್ ಒದೆಯುತ್ತಾರೆ, ಎರಡು ಸಲ ಆಕ್ಸಿಲರೇಟರ್ ತಿರುವಿ ತಲೆಯಾಡಿಸುತ್ತಾರೆ. "ಇಂಜಿನ್ ಚೆನ್ನಾಗಿದೆ" ಎಂಬ ಮಾತು ಬಂದ ಮೇಲೆ ಉಳಿದದ್ದೆಲ್ಲ ಬೆಲೆಯ ಚೌಕಾಸಿ. ವರ್ಷಗಳಿಂದ ಗ್ಯಾರೇಜು ನಡೆಸಿಕೊಂಡು ಬಂದಿರುವ ನಾನು ಇವತ್ತು ಹೇಳಬೇಕೆಂದಿರುವುದು ಇದರ ತಿರುವುಮುರುವು. ಇಂಜಿನ್ ಕೊನೆಗೆ ನೋಡಿ, ಚಾಸಿಸ್ ಮೊದಲು ನೋಡಿ. ಇಂಜಿನ್ನಿನಲ್ಲಿ ಸವೆದದ್ದನ್ನೆಲ್ಲ ದುಡ್ಡು ಕೊಟ್ಟು ಹೊಸದು ಹಾಕಿಸಬಹುದು. ಪಿಸ್ಟನ್, ಬೋರು, ಬೇರಿಂಗು ಎಲ್ಲಕ್ಕೂ ಅಂಗಡಿಯಲ್ಲಿ ಸಾಮಾನು ಸಿಗುತ್ತದೆ. ಬಾಗಿದ ಚಾಸಿಸ್ಸನ್ನು ಮೊದಲಿನ ನೇರಕ್ಕೆ ತರುವುದು ನಮ್ಮ ಊರುಗಳ ಗ್ಯಾರೇಜಿನಲ್ಲಿ ಆಗುವ ಕೆಲಸವಲ್ಲ. ಬಿಸಿ ಮಾಡಿ, ಜಾಕ್ ಕೊಟ್ಟು ಎಳೆದು "ಸರಿ ಮಾಡಿದ" ಚಾಸಿಸ್ ಕಣ್ಣಿಗೆ ನೇರ ಕಂಡರೂ ಆ ಜಾಗದ ಉಕ್ಕು ಮೊದಲಿನ ಬಲದಲ್ಲಿ ಇರುವುದಿಲ್ಲ.

ಗಾಡಿ ನೋಡುವುದಕ್ಕೆ ಹಗಲು ಹೊತ್ತಿನಲ್ಲೇ ಹೋಗಿ, ಬೆಳಿಗ್ಗೆಯಾದರೆ ಇನ್ನೂ ಒಳ್ಳೆಯದು. ಮಾರುವವರಿಗೆ ಹಿಂದಿನ ದಿನವೇ ಫೋನ್ ಮಾಡಿ, "ನಾವು ಬರುವ ತನಕ ಗಾಡಿ ಸ್ಟಾರ್ಟ್ ಮಾಡಬೇಡಿ" ಎಂದು ಹೇಳಿ. ಯಾಕೆಂಬುದನ್ನು ಇಂಜಿನ್ನಿನ ಹತ್ತಿರ ಬಂದಾಗ ಹೇಳುತ್ತೇನೆ. ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ. ಐದಾರು ಮೀಟರ್ ಗಟ್ಟಿ ದಾರ, ಮಿಲಿಮೀಟರ್ ಗೆರೆಗಳಿರುವ ಸ್ಟೀಲ್ ಪಟ್ಟಿ ಒಂದು, ಹಳೇ ಬಟ್ಟೆ ಒಂದು ತುಂಡು, ಉದ್ದದ ಸ್ಕ್ರೂಡ್ರೈವರ್ ಒಂದು. ಇಷ್ಟು ಇದ್ದರೆ ಸಾಕು.

ಮೊದಲು ಸೆಂಟರ್ ಸ್ಟ್ಯಾಂಡ್ ಹಾಕಿಸಿ, ಹ್ಯಾಂಡಲ್ ನೇರ ಮಾಡಿ, ಹಿಂದಕ್ಕೆ ಹತ್ತು ಹನ್ನೆರಡು ಅಡಿ ಸರಿದು ಕುಕ್ಕರಗಾಲಿನಲ್ಲಿ ಕುಳಿತು ನೋಡಿ. ಹಿಂದಿನ ಚಕ್ರದ ಎರಡೂ ಅಂಚಿನಿಂದ ಮುಂದಿನ ಚಕ್ರ ಸಮವಾಗಿ ಇಣುಕಬೇಕು, ಅಥವಾ ಸಮವಾಗಿ ಮರೆಯಾಗಬೇಕು. ಎರಡೂ ಚಕ್ರಗಳು ಒಂದೇ ಥರ ನೆಟ್ಟಗಿರಬೇಕು. ಹಿಂದಿನದು ನೆಟ್ಟಗಿದ್ದು ಮುಂದಿನದು ಒಂದು ಪಕ್ಕಕ್ಕೆ ವಾಲಿದಂತೆ ಕಂಡರೆ ಗಾಡಿ ಎಲ್ಲೋ ತಿರುಚಿಕೊಂಡಿದೆ. ಕಣ್ಣಿಗೆ ಅನುಮಾನ ಬಂದರೆ, ಬರದಿದ್ದರೂ ಸರಿ, ಮುಂದಿನ ಹೆಜ್ಜೆ ದಾರದ್ದು.

ದಾರದ ನಡುಭಾಗವನ್ನು ಹಿಂದಿನ ಟೈರಿನ ಹಿಂಬದಿಗೆ ಸುತ್ತಿಸಿ ಎರಡೂ ತುದಿಗಳನ್ನು ಎರಡೂ ಪಕ್ಕದಿಂದ ಮುಂದಕ್ಕೆ ತನ್ನಿ. ಸ್ಟ್ಯಾಂಡು, ಸೈಲೆನ್ಸರು, ಫುಟ್‌ರೆಸ್ಟು ಯಾವುದೂ ದಾರಕ್ಕೆ ತಾಕದಷ್ಟು ಎತ್ತರ ನೋಡಿಕೊಳ್ಳಿ. ಜೊತೆಗೆ ಬಂದವರು ಮುಂದಿನ ಚಕ್ರದ ಆಚೆ ಕುಳಿತು ಎರಡೂ ತುದಿ ಬಿಗಿಯಾಗಿ ಹಿಡಿಯಲಿ. ಎರಡೂ ಪಕ್ಕದ ದಾರ ಹಿಂದಿನ ಟೈರಿನ ಹಿಂದಿನ ಅಂಚಿಗೂ ಮುಂದಿನ ಅಂಚಿಗೂ ಮೆತ್ತಗೆ ತಾಕುವಂತಿರಬೇಕು, ಹೆಚ್ಚು ಒತ್ತಬಾರದು. ಈಗ ದಾರವು ಹಿಂದಿನ ಚಕ್ರ ಯಾವ ಕಡೆ ಮುಖ ಮಾಡಿದೆಯೋ ಆ ಗೆರೆಯನ್ನು ಮುಂದಿನ ಚಕ್ರದವರೆಗೆ ಎಳೆದು ತೋರಿಸುತ್ತದೆ.

ಕೆಲವು ಗಾಡಿಗಳಲ್ಲಿ ಎರಡೂ ಟೈರಿನ ಅಗಲ ಒಂದೇ. ಸ್ಪ್ಲೆಂಡರ್ ಅಂಥದ್ದು, ಅದರಲ್ಲಿ ದಾರ ಮುಂದಿನ ಟೈರಿನ ಎರಡೂ ಪಕ್ಕಕ್ಕೆ ತಾಕಿದರೆ ಲೆಕ್ಕ ಸರಿ. ನೂರೈವತ್ತು ಸಿಸಿ ಗಾಡಿಗಳಲ್ಲಿ ಹಿಂದಿನ ಟೈರು ದಪ್ಪ. ಟೈರಿನ ಪಕ್ಕದಲ್ಲಿ 80/100-17 ಎಂದೋ 100/90-17 ಎಂದೋ ಅಚ್ಚಾಗಿರುತ್ತದಲ್ಲ, ಆ ಮೊದಲ ಅಂಕಿಯೇ ಮಿಲಿಮೀಟರಿನಲ್ಲಿ ಟೈರಿನ ಅಗಲ. ಮುಂದೆ 80, ಹಿಂದೆ 100 ಇದ್ದರೆ ವ್ಯತ್ಯಾಸ 20. ಎರಡೂ ಪಕ್ಕಕ್ಕೆ ಹಂಚಿದರೆ ಮುಂದಿನ ಟೈರಿಗೂ ದಾರಕ್ಕೂ ನಡುವೆ ಆ ಕಡೆ 10, ಈ ಕಡೆ 10 ಮಿಲಿಮೀಟರ್ ಜಾಗ ಇರಬೇಕು. ನಿಜವಾದ ಟೈರಿನ ಅಗಲ ಅಚ್ಚಾದ ಅಂಕಿಗಿಂತ ತುಸು ಹೆಚ್ಚುಕಡಿಮೆ ಇರುತ್ತದೆ, ಆದ್ದರಿಂದ ಹತ್ತೇ ಬರಬೇಕೆಂದು ಹಟ ಮಾಡಬೇಡಿ. ಎರಡೂ ಪಕ್ಕ ಒಂದೇ ಆಗಿದೆಯೇ ಎಂಬುದಷ್ಟೇ ಮುಖ್ಯ. ಒಂದೆರಡು ಮಿಲಿಮೀಟರ್ ಆಚೀಚೆ ಇದ್ದರೆ ಅದು ನಮ್ಮ ದಾರದ್ದೇ ತಪ್ಪಿರಬಹುದು. ಐದು, ಆರು ದಾಟಿದರೆ ಅಲ್ಲಿ ನಿಲ್ಲಬೇಕು.

ಅಳೆಯುವಾಗ ಮುಂದಿನ ಚಕ್ರದ ಮುಂದಿನ ಅಂಚಿನಲ್ಲೂ ಹಿಂದಿನ ಅಂಚಿನಲ್ಲೂ ನೋಡಿ, ದಾರಕ್ಕೆ ಸಮಾನಾಂತರ ಬರುವ ತನಕ ಹ್ಯಾಂಡಲನ್ನು ನವಿರಾಗಿ ತಿರುಗಿಸಿಕೊಳ್ಳಿ. ಹಾಗೆ ತಿರುಗಿಸಿದ ಮೇಲೆ ಚಕ್ರ ನೇರ, ಹ್ಯಾಂಡಲ್ ಬಾರ್ ಮಾತ್ರ ಓರೆ ಎಂದಾದರೆ ಹೆದರಬೇಕಿಲ್ಲ. ಗಾಡಿ ನಿಂತಲ್ಲೇ ಒಂದು ಸಲ ಬಿದ್ದಿರುತ್ತದೆ. ಫೋರ್ಕ್ ಪೈಪುಗಳು ಅವನ್ನು ಹಿಡಿದಿರುವ ಟಿ ಒಳಗೆ ತುಸು ತಿರುಗಿ ಕೂತಿರುತ್ತವೆ. ಬೋಲ್ಟ್ ಸಡಿಲಿಸಿ, ನೇರ ಮಾಡಿ ಬಿಗಿ ಮಾಡಿದರೆ ಮುಗಿಯಿತು.

ಎರಡು ಪಕ್ಕದ ಜಾಗದಲ್ಲೇ ವ್ಯತ್ಯಾಸ ಇದ್ದರೂ ಕೂಡಲೇ ಚಾಸಿಸ್ಸನ್ನು ದೂರಬೇಡಿ. ಚೈನ್ ಬಿಗಿ ಮಾಡುವಾಗ ಒಂದು ಪಕ್ಕದ ಅಡ್ಜಸ್ಟರ್ ಹೆಚ್ಚು ತಿರುಗಿಸಿಬಿಟ್ಟಿದ್ದರೆ ಹಿಂದಿನ ಚಕ್ರವೇ ಓರೆ ನಿಂತು ದಾರವನ್ನೂ ಓರೆ ಎಳೆದಿರುತ್ತದೆ. ಸ್ವಿಂಗ್ ಆರ್ಮಿನ ಮೇಲೆ ಎರಡೂ ಪಕ್ಕ ಗೆರೆಗಳಿವೆ, ಅವನ್ನು ಎಣಿಸಿ. ಅದಕ್ಕಿಂತ ನಂಬಿಕೆಯ ಅಳತೆ ಇನ್ನೊಂದಿದೆ. ಸ್ವಿಂಗ್ ಆರ್ಮ್ ಚಾಸಿಸ್ಸಿಗೆ ಕೂತಿರುವ ಬೋಲ್ಟಿನ ನಡುವಿನಿಂದ ಹಿಂದಿನ ಆಕ್ಸಲ್ಲಿನ ನಡುವಿಗೆ ಎಡಗಡೆ ಎಷ್ಟು, ಬಲಗಡೆ ಎಷ್ಟು ಎಂದು ಅಳೆಯಿರಿ. ಎರಡೂ ಬೇರೆ ಬೇರೆ ಇದ್ದರೆ ಅಡ್ಜಸ್ಟರ್ ಸರಿ ಮಾಡಿಸಿ ಮತ್ತೆ ದಾರ ಹಿಡಿಯಿರಿ. ಎರಡೂ ಒಂದೇ ಇದ್ದು ಮುಂದಿನ ಚಕ್ರ ಒಂದು ಪಕ್ಕಕ್ಕೆ ಸರಿದಿದ್ದರೆ ಆಗ ಬಾಗಿರುವುದು ಫೋರ್ಕ್, ಸ್ವಿಂಗ್ ಆರ್ಮ್, ಇಲ್ಲವೇ ಚಾಸಿಸ್, ಈ ಮೂರರಲ್ಲಿ ಒಂದು.

ಯಾವುದು ಎಂದು ಹುಡುಕುವುದು ಹೇಗೆ? ಎದುರಿನಿಂದ ಗುದ್ದಿದ ಗಾಡಿ ತನ್ನ ಕಥೆಯನ್ನು ಸ್ಟೀರಿಂಗ್ ಹೆಡ್ಡಿನ ಸುತ್ತ ಬರೆದಿಟ್ಟುಕೊಂಡಿರುತ್ತದೆ. ಹ್ಯಾಂಡಲ್ ಕೂರುವ ಆ ಕೊಳವೆಯ ಹಿಂದೆ, ಪೆಟ್ರೋಲ್ ಟ್ಯಾಂಕಿನ ಕೆಳಗೆ ಬೆರಳು ಹಾಕಿ ನೋಡಿ. ಇಂಜಿನ್ನಿನ ಮುಂದೆ ಇಳಿಯುವ ಕೊಳವೆಯ ಮೇಲ್ತುದಿಯನ್ನೂ ನೋಡಿ. ಬಾಗಿದ ಕೊಳವೆಯ ಒಳಬದಿಯಲ್ಲಿ ಬಣ್ಣ ಸುಕ್ಕುಗಟ್ಟುತ್ತದೆ, ಹೊರಬದಿಯಲ್ಲಿ ಬಿರುಕು ಬಿಡುತ್ತದೆ. ಕಂಪನಿಯ ವೆಲ್ಡಿಂಗ್ ಒಂದೇ ಅಗಲದಲ್ಲಿ ಸಾಲಾಗಿ ಹೋಗಿರುತ್ತದೆ. ಆಮೇಲೆ ಹಾಕಿದ ವೆಲ್ಡಿಂಗ್ ಗಂಟು ಗಂಟಾಗಿರುತ್ತದೆ. ಗಾಡಿಯೆಲ್ಲ ಹಳೆಯ ಬಣ್ಣದಲ್ಲಿದ್ದು ಅದೊಂದು ಜಾಗ ಮಾತ್ರ ಹೊಸ ಕಪ್ಪು ಸ್ಪ್ರೇ ಕಂಡಿದ್ದರೆ ಯಾಕೆಂದು ಕೇಳಿ.

ಹ್ಯಾಂಡಲನ್ನು ಎಡದ ಕೊನೆಗೆ, ಬಲದ ಕೊನೆಗೆ ತಿರುಗಿಸಿ. ಎರಡೂ ಕೊನೆಯಲ್ಲಿ ಅದನ್ನು ತಡೆಯುವ ಚಿಕ್ಕ ಉಕ್ಕಿನ ಮೊಳೆಗಳಿವೆ. ಜೋರಾಗಿ ಬಿದ್ದ ಗಾಡಿಯಲ್ಲಿ ಅವುಗಳಲ್ಲಿ ಒಂದು ಚಪ್ಪಟೆಯಾಗಿರುತ್ತದೆ, ಇಲ್ಲವೇ ಮುರಿದಿರುತ್ತದೆ; ಹ್ಯಾಂಡಲ್ ಆ ಕಡೆ ಹೆಚ್ಚು ತಿರುಗಿ ಟ್ಯಾಂಕಿಗೆ ತಾಕುತ್ತದೆ. ಟ್ಯಾಂಕು ಬದಲಾಯಿಸುತ್ತಾರೆ, ಹೆಡ್‌ಲೈಟ್ ಬದಲಾಯಿಸುತ್ತಾರೆ, ಮಡ್‌ಗಾರ್ಡ್ ಬದಲಾಯಿಸುತ್ತಾರೆ. ಆ ಚಿಕ್ಕ ಮೊಳೆಯ ಕಡೆ ಯಾರ ಗಮನವೂ ಹೋಗುವುದಿಲ್ಲ. ನಾನು ಅದನ್ನು ನೋಡದೆ ಯಾವ ಗಾಡಿಗೂ ಹೂಂ ಅನ್ನುವುದಿಲ್ಲ. ಅಲ್ಲೇ, ಸ್ಟೀರಿಂಗ್ ಹೆಡ್ಡಿನ ಪಕ್ಕದಲ್ಲಿ, ಬಹಳ ಗಾಡಿಗಳಲ್ಲಿ ಚಾಸಿಸ್ ನಂಬರ್ ಗುದ್ದಿರುತ್ತಾರೆ. ಆರ್‌ಸಿಯಲ್ಲಿರುವ ನಂಬರಿನೊಂದಿಗೆ ಒಂದೊಂದೇ ಅಕ್ಷರ ತಾಳೆ ಮಾಡಿ. ಉಜ್ಜಿ ಮತ್ತೆ ಗುದ್ದಿದಂತೆ ಕಂಡರೆ ಮಾತು ಬೆಳೆಸದೆ ಎದ್ದು ಬನ್ನಿ.

ಇನ್ನು ಮುಂದಿನ ಫೋರ್ಕಿಗೆ ಬರೋಣ. ಅದರ ಎರಡು ಕಾಲುಗಳಲ್ಲಿ ಕ್ರೋಮಿನ ಪೈಪು ಕೆಳಗಿನ ಅಲ್ಯೂಮಿನಿಯಂ ಕೇಸಿನೊಳಗೆ ಇಳಿದು ಏಳುತ್ತಿರುತ್ತದೆ. ಒಳಗೆ ಸ್ಪ್ರಿಂಗು, ಆಯಿಲು. ಚಿಕ್ಕ ಗಾಡಿಗಳಲ್ಲಿ ಒಂದೊಂದು ಕಾಲಿಗೆ ಸುಮಾರು 150ರಿಂದ 200 ಮಿಲಿಲೀಟರ್ ಆಯಿಲ್ ಇರುತ್ತದೆ. ಸ್ಪ್ರಿಂಗ್ ಗುಂಡಿಯನ್ನು ತಾಳಿಕೊಂಡರೆ, ಆ ಸ್ಪ್ರಿಂಗ್ ಮತ್ತೆ ಮತ್ತೆ ಕುಣಿಯದಂತೆ ತಡೆಯುವುದು ಆಯಿಲಿನ ಕೆಲಸ. ಕೇಸಿನ ಬಾಯಿಯಲ್ಲಿ ರಬ್ಬರಿನ ಆಯಿಲ್ ಸೀಲ್, ಅದರ ಮೇಲೆ ಧೂಳು ತಡೆಯುವ ಇನ್ನೊಂದು ರಬ್ಬರ್.

ಬಟ್ಟೆಯಿಂದ ಎರಡೂ ಪೈಪುಗಳನ್ನು ಚೆನ್ನಾಗಿ ಒರೆಸಿ. ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸಿ, ಮುಂದಿನ ಬ್ರೇಕ್ ಹಿಡಿದು, ಮೈಭಾರ ಹಾಕಿ ಹದಿನೈದು ಇಪ್ಪತ್ತು ಸಲ ಫೋರ್ಕನ್ನು ಅದುಮಿ ಬಿಡಿ. ಈಗ ಪೈಪಿನ ಮೇಲೆ ಬೆರಳಾಡಿಸಿ. ಬೆರಳಿಗೆ ಅಂಟಿಯೂ ಅಂಟದಂಥ ತೆಳು ಜಿಡ್ಡು ಇರುವುದು ಸಹಜ, ಆ ಜಿಡ್ಡಿಲ್ಲದೆ ಸೀಲು ಉಳಿಯುವುದಿಲ್ಲ. ಆದರೆ ಸೀಲ್ ನಿಂತ ಜಾಗದಲ್ಲಿ ಬಳೆಯ ಹಾಗೆ ಆಯಿಲ್ ಗೆರೆ ಮೂಡಿದರೆ, ಅದು ಒಂದೆಡೆ ಕೆಳಗೆ ಹರಿದರೆ, ಸೀಲ್ ಹೋಗಿದೆ. ಧೂಳಿನ ರಬ್ಬರನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ, ಕೆಳಗೆ ಆಯಿಲ್ ಕೆಸರು ತುಂಬಿಕೊಂಡಿರಬಹುದು. ಅದುಮುವಾಗ ಕೊನೆಯಲ್ಲಿ 'ಠಕ್' ಎಂದು ಲೋಹ ತಾಕಿದ ಸದ್ದು ಬಂದರೆ, ಬಿಟ್ಟ ಕೂಡಲೇ ಫೋರ್ಕ್ ಚಂಗನೆ ಎದ್ದು ಇನ್ನೊಮ್ಮೆ ಕುಣಿದರೆ, ಒಳಗೆ ಆಯಿಲ್ ಸಾಲದು ಎಂದರ್ಥ.

ಸೀಲು ಸಣ್ಣ ಸಾಮಾನು. ಕೆಲವು ನೂರು ರೂಪಾಯಿ, ಮೇಲೆ ಕೂಲಿ, ಹೊಸ ಆಯಿಲು. ಆದ್ದರಿಂದಲೇ ಮಾರುವವರು "ಸೀಲ್ ಅಷ್ಟೇ ಸಾರ್" ಎಂದು ತೇಲಿಸಿಬಿಡುತ್ತಾರೆ. ಸೀಲ್ ಯಾಕೆ ಹೋಯಿತು ಎಂಬುದನ್ನು ನಾವು ಕೇಳಬೇಕು. ವಯಸ್ಸಾಗಿ ರಬ್ಬರ್ ಗಟ್ಟಿಯಾಗಿ ಹೋಗಿದ್ದರೆ ಸಾಮಾನ್ಯವಾಗಿ ಎರಡೂ ಕಾಲಿನಲ್ಲಿ ಹೆಚ್ಚುಕಡಿಮೆ ಒಟ್ಟಿಗೇ ಸೋರಲು ಶುರುವಾಗುತ್ತದೆ. ಕ್ರೋಮ್ ಮೇಲೆ ತುಕ್ಕಿನ ಚುಕ್ಕಿಗಳೆದ್ದಿದ್ದರೆ ಅವು ಸೀಲಿನ ತುಟಿಯನ್ನು ಪ್ರತಿ ಗುಂಡಿಗೂ ಗೀರುತ್ತವೆ. ಸೀಲ್ ಓಡಾಡುವ ಜಾಗದಲ್ಲಿ ಪೈಪಿನ ಸುತ್ತ ಉಗುರಾಡಿಸಿ. ಉಗುರು ಸಿಕ್ಕಿಕೊಂಡರೆ ಹೊಸ ಸೀಲ್ ಹಾಕಿಸಿದರೂ ಬೇಗನೆ ಮತ್ತೆ ಸೋರುತ್ತದೆ, ಪೈಪೇ ಬದಲಾಯಿಸಬೇಕು. ಕರಾವಳಿಯ ಗಾಡಿಗಳಲ್ಲಿ ಈ ತುಕ್ಕನ್ನು ಕಡ್ಡಾಯವಾಗಿ ಹುಡುಕಿ, ಉಪ್ಪಿನ ಗಾಳಿ ಕ್ರೋಮಿಗೆ ಆಗುವುದಿಲ್ಲ. ಮೂರನೆಯ ಕಾರಣ ಪೈಪು ಬಾಗಿರುವುದು. ಬಾಗಿದ ಪೈಪು ಸೀಲನ್ನು ಒಂದೇ ಪಕ್ಕಕ್ಕೆ ಒತ್ತಿ ಸವೆಸುತ್ತದೆ. ಒಂದೇ ಕಾಲಿನಲ್ಲಿ ಸೋರಿಕೆ, ಹ್ಯಾಂಡಲ್ ತುಸು ಓರೆ, ಅದುಮುವಾಗ ಫೋರ್ಕ್ ನಡುವೆ ಹಿಡಿದು ಹಿಡಿದು ಇಳಿಯುವುದು, ಇವು ಒಟ್ಟಿಗೆ ಕಂಡರೆ ದಾರದ ಅಳತೆಯನ್ನು ಮತ್ತೊಮ್ಮೆ ಮಾಡಿ. ಪಕ್ಕದಿಂದಲೂ ನೋಡಿ: ಎದುರಿನಿಂದ ಗುದ್ದಿದ ಫೋರ್ಕ್ ಕೆಳಗಿನ ಟಿ ಕೆಳಗೆ ಹಿಂದಕ್ಕೆ ಬಾಗಿ, ಮುಂದಿನ ಟೈರು ಇಂಜಿನ್ನಿಗೆ ಹತ್ತಿರ ಬಂದಿರುತ್ತದೆ. ಅದೇ ಮಾಡೆಲಿನ ಬೇರೊಂದು ಗಾಡಿಯ ಫೋಟೋ ಫೋನಿನಲ್ಲಿದ್ದರೆ ಹೋಲಿಸುವುದು ಸುಲಭ.

ಸೋರಿದ ಆಯಿಲ್ ಕೆಳಗಿಳಿದು ಡಿಸ್ಕಿಗೋ ಬ್ರೇಕ್ ಪ್ಯಾಡಿಗೋ ತಲುಪಿದರೆ ಮುಂದಿನ ಬ್ರೇಕ್ ಹಿಡಿಯುವುದಿಲ್ಲ. ಹಾಗೆ ತಲುಪಿದ್ದರೆ ಗಾಡಿಯನ್ನು ಓಡಿಸಿ ನೋಡಲು ಹೋಗಬೇಡಿ.

ಚೈನಿನ ವಿಷಯ ಇಷ್ಟು ಗಂಭೀರವಲ್ಲ, ಆದರೆ ಲೆಕ್ಕಕ್ಕೆ ಸುಲಭವಾಗಿ ಸಿಗುವುದು ಅದೇ. ಚೈನ್ ಎಳೆದುಕೊಂಡಿದೆ ಎನ್ನುತ್ತೇವೆ. ನಿಜವಾಗಿ ಉಕ್ಕಿನ ಪಟ್ಟಿಗಳು ಹಿಗ್ಗುವುದಿಲ್ಲ, ಒಂದೊಂದು ಕೊಂಡಿಯ ಒಳಗಿನ ಪಿನ್ನು, ಬುಷ್ಷು ಸವೆಯುತ್ತವೆ. ನಮ್ಮ ಚಿಕ್ಕ ಬೈಕುಗಳಲ್ಲಿ ಹೆಚ್ಚಾಗಿ ಬರುವುದು 428 ನಂಬರಿನ ಚೈನು. ಅದರಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ 12.7 ಮಿಲಿಮೀಟರ್. ಹಾಗಾಗಿ ಹೊಸ ಚೈನಿನಲ್ಲಿ 20 ಕೊಂಡಿಗಳ ಉದ್ದ 254 ಮಿಲಿಮೀಟರ್. ಒಂದೊಂದು ಪಿನ್ನಿನಲ್ಲಿ ಮಿಲಿಮೀಟರಿನ ಹತ್ತನೇ ಒಂದು ಭಾಗ ಸವೆದರೂ 20 ಕೊಂಡಿಗೆ 2 ಮಿಲಿಮೀಟರ್ ಸೇರಿ 256 ಆಗುತ್ತದೆ. 259ಕ್ಕೆ ಬಂತೆಂದರೆ ನೂರಕ್ಕೆ ಎರಡರಷ್ಟು ಸವೆದಂತಾಯಿತು, ಆ ಚೈನಿನ ಕೆಲಸ ಮುಗಿದಿದೆ. ಕೆಳಗಿನ ಸಾಲನ್ನು ಬೆರಳಿನಿಂದ ಬಿಗಿ ಹಿಡಿದು, ಒಂದು ಪಿನ್ನಿನ ನಡುವಿನಿಂದ ಇಪ್ಪತ್ತೊಂದನೇ ಪಿನ್ನಿನ ನಡುವಿಗೆ ಸ್ಟೀಲ್ ಪಟ್ಟಿ ಹಿಡಿದು ಓದಿ. ಇಂಜಿನ್ ಆಫ್ ಇರಲಿ, ಕೀಲಿ ನಿಮ್ಮ ಜೇಬಿನಲ್ಲಿರಲಿ. ತಿರುಗುವ ಚೈನಿಗೂ ಸ್ಪ್ರಾಕೆಟ್ಟಿಗೂ ನಡುವೆ ಸಿಕ್ಕಿದ ಬೆರಳು ಉಳಿಯುವುದಿಲ್ಲ.

ಪೂರ್ತಿ ಮುಚ್ಚಿದ ಚೈನ್ ಕವರ್ ಇರುವ ಗಾಡಿಯಲ್ಲಿ ಇಷ್ಟುದ್ದ ಅಳೆಯಲು ಜಾಗವಿರುವುದಿಲ್ಲ. ಅಲ್ಲಿ ಕವರಿನ ರಬ್ಬರ್ ಮುಚ್ಚಳ ತೆಗೆದು ಸಡಿಲ ಎಷ್ಟಿದೆ ನೋಡಿ, ಜೊತೆಗೆ ಅಡ್ಜಸ್ಟರ್ ಎಲ್ಲಿ ನಿಂತಿದೆ ಎಂದು ನೋಡಿ. ಆಕ್ಸಲ್ ಕೊನೆಯ ಗೆರೆಯವರೆಗೆ ಹಿಂದೆ ಹೋಗಿದ್ದರೆ ಇನ್ನು ಬಿಗಿ ಮಾಡಲು ಜಾಗವೇ ಉಳಿದಿಲ್ಲ. ಕವರ್ ಇಲ್ಲದ ಗಾಡಿಯಲ್ಲಿ ಹಿಂದಿನ ಸ್ಪ್ರಾಕೆಟ್ಟಿನ ಹಿಂಬದಿಯ ನಡುವೆ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲಿನ ಅರ್ಧಕ್ಕಿಂತ ಹೆಚ್ಚು ಭಾಗ ಕಂಡರೆ ಸವೆತ ಹೆಚ್ಚಾಗಿದೆ. ಹಲ್ಲುಗಳು ಒಂದು ಕಡೆಗೆ ಕೊಕ್ಕಿನಂತೆ ಬಾಗಿದ್ದರೆ ಸ್ಪ್ರಾಕೆಟ್ ಕೂಡ ಹೋಗಿದೆ. ಚಕ್ರವನ್ನು ಕೈಯಿಂದ ಮೆಲ್ಲಗೆ ಪೂರ್ತಿ ಸುತ್ತಿಸಿ: ಒಂದು ಕಡೆ ಬಿಗಿ, ಇನ್ನೊಂದು ಕಡೆ ಜೋಲು ಬರುತ್ತಿದ್ದರೆ ಸವೆತ ಸಮವಾಗಿಲ್ಲ, ಅಂಥ ಚೈನನ್ನು ಸರಿಯಾಗಿ ಬಿಗಿ ಮಾಡಲು ಆಗುವುದೇ ಇಲ್ಲ. ಹೊಸ ಚೈನ್ ಹಾಕಿಸಿದ್ದೇನೆ ಎಂದು ಮಾರುವವರು ಹೇಳಿದರೆ ಸ್ಪ್ರಾಕೆಟ್ ಹಳೆಯದೇ ಎಂದು ಕೇಳಿ. ಸವೆದ ಹಲ್ಲಿನ ಮೇಲೆ ಹೊಸ ಚೈನ್ ಬೇಗ ಹಾಳಾಗುತ್ತದೆ. ಚೈನು, ಎರಡು ಸ್ಪ್ರಾಕೆಟ್ಟು, ಮೂರನ್ನೂ ಸೆಟ್ಟಾಗಿಯೇ ಬದಲಾಯಿಸಬೇಕು. ಚೈನ್ ಹೋಗಿದೆ ಎಂಬ ಕಾರಣಕ್ಕೆ ಗಾಡಿ ಬಿಡಬೇಡಿ. ಸೆಟ್ಟಿನ ಬೆಲೆಯನ್ನು ಹೇಳಿದ ಬೆಲೆಯಲ್ಲಿ ಕಳೆಯಿರಿ, ಅಷ್ಟೇ.

ಈಗ ಇಂಜಿನ್ನು. ಸ್ಟಾರ್ಟ್ ಮಾಡುವ ಮೊದಲು ಇಂಜಿನ್ ಮೇಲೆ ಅಂಗೈ ಇಡಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಯಾರೋ ಓಡಿಸಿದ್ದಾರೆ. ತಣ್ಣಗಿರುವ ಇಂಜಿನ್ ಮೊದಲ ಒಂದೆರಡು ನಿಮಿಷದಲ್ಲಿ ಹೇಳುವುದನ್ನು ಬಿಸಿಯಾದ ಮೇಲೆ ಹೇಳುವುದಿಲ್ಲ. ಲೋಹ ಹಿಗ್ಗಿ ಸಂದುಗಳು ಕಿರಿದಾಗುತ್ತವೆ, ಆಯಿಲ್ ಎಲ್ಲ ಕಡೆ ತಲುಪಿರುತ್ತದೆ. ಬೆಚ್ಚಗಿದ್ದರೆ ಜಗಳ ಬೇಡ, "ನಾಳೆ ಬೆಳಿಗ್ಗೆ ಬರುತ್ತೇವೆ" ಎಂದು ಹೇಳಿ ಬನ್ನಿ. ಆಯಿಲನ್ನೂ ಸ್ಟಾರ್ಟ್ ಮಾಡುವ ಮೊದಲೇ ನೋಡಿ. ಡಿಪ್‌ಸ್ಟಿಕ್ ಮೇಲಿನ ಆಯಿಲನ್ನು ಬೆರಳಿಗೆ ಸವರಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯ ಪುಡಿಯಂತೆ ಮಿಂಚಿದರೆ ಒಳಗೆ ಲೋಹ ತೇಯುತ್ತಿದೆ. ಹಾಲು ಬೆರೆತ ಬಣ್ಣವಿದ್ದರೆ ನೀರು ಸೇರಿದೆ. ಸದ್ದು ಮುಚ್ಚಲು ಗಟ್ಟಿ ಆಯಿಲ್ ಸುರಿಯುವವರೂ ಉಂಟು, ಆದ್ದರಿಂದ ಆಯಿಲ್ ಯಾವಾಗ ಬದಲಾಯಿಸಿದ್ದು, ಯಾವ ದರ್ಜೆಯದ್ದು ಎಂದು ಕೇಳಿಡಿ.

ಸ್ಟಾರ್ಟ್ ಮಾಡಿ, ಐಡ್ಲಿಂಗಿನಲ್ಲಿ ಬಿಡಿ. ಮೇಲಿನ ಹೆಡ್ಡಿನಿಂದ ಹೊಲಿಗೆ ಮೆಷಿನ್ನಿನಂತೆ ತೆಳ್ಳಗೆ, ಒಂದೇ ಸಮನೆ 'ಟಿಕ್ ಟಿಕ್' ಎಂದು ಬರುವುದು ಟ್ಯಾಪೆಟ್. ವಾಲ್ವಿಗೂ ರಾಕರಿಗೂ ನಡುವಿನ ಸಂದು ಕೂದಲೆಳೆಯಷ್ಟು ಹೆಚ್ಚಾಗಿದೆ. ಫೀಲರ್ ಗೇಜ್ ಹಾಕಿ ಸೆಟ್ ಮಾಡಿದರೆ ಹೋಗುವ ಸದ್ದು, ಹೆದರುವಂಥದ್ದಲ್ಲ. ಒಂದು ಪಕ್ಕದಿಂದ 'ಖರಖರ' ಎಂದು ಚೈನ್ ಉಜ್ಜಿದ ಹಾಗೆ ಬಂದು, ಆಕ್ಸಿಲರೇಟರ್ ಬಿಟ್ಟಾಗ ಹೆಚ್ಚು ಕೇಳಿಸಿದರೆ ಟೈಮಿಂಗ್ ಚೈನ್ ಅಥವಾ ಅದರ ಟೆನ್ಷನರ್. ಖರ್ಚು ಇದೆ, ಆದರೆ ಗೊತ್ತಿರುವ ಖರ್ಚು. ತಣ್ಣಗಿದ್ದಾಗ ಟೊಳ್ಳು ಮರಕ್ಕೆ ಬಡಿದ ಥರ ಕೇಳಿ, ಬಿಸಿಯಾದಂತೆ ಮಾಯವಾಗುವುದು ಪಿಸ್ಟನ್ ಬೋರಿನಲ್ಲಿ ಸಡಿಲವಾಗಿರುವುದರ ಗುರುತು. ಅದು ಒಂದಷ್ಟು ಕಾಲ ಓಡುತ್ತದೆ, ಮುಂದೊಂದು ದಿನ ಬೋರಿಂಗ್ ಮಾಡಿಸಬೇಕು.

ಹೆದರಬೇಕಾದ್ದು ಕೆಳಗಿನಿಂದ ಬರುವ ಸದ್ದಿಗೆ. ಕ್ರ್ಯಾಂಕ್‌ಕೇಸಿನಿಂದ ದಪ್ಪಗೆ 'ಟಕ್ ಟಕ್' ಎಂದು ಕೇಳಿ, ಆಕ್ಸಿಲರೇಟರ್ ಕೊಟ್ಟಂತೆ, ಅದರಲ್ಲೂ ಏರಿನಲ್ಲಿ, ಗಟ್ಟಿಯಾಗುತ್ತಾ ಹೋಗಿ, ಬಿಸಿಯಾದರೂ ಬಿಡದೆ ಇದ್ದರೆ ಅದು ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್. 'ಗೊರ್' ಎಂದು ಒಂದೇ ಸಮನೆ ಗುಡುಗಿದರೆ ಕ್ರ್ಯಾಂಕಿನ ಪಕ್ಕದ ಬೇರಿಂಗ್. ಎರಡಕ್ಕೂ ಇಂಜಿನ್ ಪೂರ್ತಿ ಬಿಚ್ಚಬೇಕು. ಸದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ಸ್ಕ್ರೂಡ್ರೈವರಿನ ತುದಿಯನ್ನು ಹೆಡ್ಡಿಗೆ, ಆಮೇಲೆ ಬೋರಿಗೆ, ಆಮೇಲೆ ಕ್ರ್ಯಾಂಕ್‌ಕೇಸಿಗೆ ಒತ್ತಿ, ಹಿಡಿಯನ್ನು ಕಿವಿಯ ಪಕ್ಕದ ಎಲುಬಿಗೆ ತಾಗಿಸಿ ಕೇಳಿ. ಸದ್ದು ಎಲ್ಲಿ ಜೋರೋ ಅಲ್ಲೇ ಅದರ ಮೂಲ. ಇನ್ನೊಂದು ಸುಲಭದ ಪರೀಕ್ಷೆ: ನ್ಯೂಟ್ರಲ್‌ನಲ್ಲಿ ಕ್ಲಚ್ ಒತ್ತಿದ ಕೂಡಲೇ ಸದ್ದು ಹೋಗಿ, ಬಿಟ್ಟ ಕೂಡಲೇ ಬಂದರೆ ಅದು ಕ್ಲಚ್ ಅಥವಾ ಗೇರ್ ಬಾಕ್ಸಿನ ಕಡೆಯದ್ದು, ಕ್ರ್ಯಾಂಕಿನದ್ದಲ್ಲ. ಹಿಂದೆ ಸೈಲೆನ್ಸರಿನ ಕಡೆಗೂ ಕಣ್ಣಿರಲಿ. ಬೆಳಗಿನ ಚಳಿಯ ಬಿಳಿ ಆವಿ ಕೆಲಹೊತ್ತಿನಲ್ಲಿ ಹೋಗುತ್ತದೆ. ನೀಲಿ ಹೊಗೆ ಆಯಿಲಿನದ್ದು. ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಬಂದರೆ ರಿಂಗ್ ಸವೆದಿದೆ, ಸ್ಟಾರ್ಟ್ ಆದಾಗ ಒಂದು ಬುಸ್ ಬಂದು ನಿಂತರೆ ವಾಲ್ವ್ ಸೀಲ್.

ಈಚೆಗೆ ಒಬ್ಬ ಯಜಮಾನರು ಮಗನನ್ನು ಕರೆದುಕೊಂಡು, ಅವನು ಮೆಚ್ಚಿದ ನೂರೈವತ್ತು ಸಿಸಿ ಗಾಡಿಯನ್ನು ಮಾಲೀಕರ ಸಮೇತ ನಮ್ಮ ಗ್ಯಾರೇಜಿಗೆ ತಂದಿದ್ದರು. ಎಂಟು ವರ್ಷದ ಗಾಡಿ, ಹೇಳಿದ ಬೆಲೆ 48,000. ಪಾಲಿಶ್ ಹಾಕಿ ಫಳಫಳ ಹೊಳೆಯುತ್ತಿತ್ತು. ರಾತ್ರಿ ಗಾಡಿ ನಮ್ಮಲ್ಲೇ ನಿಲ್ಲಿಸಿ, ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದೆವು. ಟ್ಯಾಪೆಟ್ ಸದ್ದು ಬಿಟ್ಟರೆ ಇಂಜಿನ್ ನಿಜಕ್ಕೂ ಚೆನ್ನಾಗಿತ್ತು, ಹೊಗೆ ಇಲ್ಲ. ಚೈನ್ 20 ಕೊಂಡಿಗೆ 257 ಬಂತು: ಸವೆದಿದೆ, ಕೆಲವು ತಿಂಗಳು ಓಡುತ್ತದೆ. ಎಡಗಡೆಯ ಫೋರ್ಕಿನಲ್ಲಿ ಮಾತ್ರ ಆಯಿಲಿನ ಬಳೆ. "ಸೀಲ್ ಅಷ್ಟೇ, ನಾನೇ ಹಾಕಿಸಿಕೊಡ್ತೀನಿ" ಎಂದರು ಮಾಲೀಕರು. ಪೈಪಿನ ಮೇಲೆ ತುಕ್ಕಿಲ್ಲ, ಉಗುರು ಸಿಕ್ಕುವುದಿಲ್ಲ; ಹಾಗಿದ್ದರೆ ಒಂದೇ ಕಡೆ ಯಾಕೆ ಸೋರಬೇಕು? ದಾರ ಹಿಡಿದೆವು. ಎಡಗಡೆ 3 ಮಿಲಿಮೀಟರ್, ಬಲಗಡೆ 17. ಹತ್ತು ಹತ್ತು ಇರಬೇಕಾದಲ್ಲಿ ಮುಂದಿನ ಚಕ್ರ ಎಡಕ್ಕೆ 7 ಮಿಲಿಮೀಟರ್ ಸರಿದಿದೆ. ಸ್ವಿಂಗ್ ಆರ್ಮಿನ ಬೋಲ್ಟಿನಿಂದ ಆಕ್ಸಲ್ಲಿಗೆ ಎರಡೂ ಪಕ್ಕ ಒಂದೇ ಅಳತೆ, ಹಾಗಾಗಿ ತಪ್ಪು ಅಡ್ಜಸ್ಟರಿನದ್ದಲ್ಲ. ಹ್ಯಾಂಡಲ್ ತಡೆಯುವ ಮೊಳೆ ಬಲಗಡೆಯದ್ದು ಸರಿಯಿತ್ತು, ಎಡಗಡೆಯದ್ದು ಚಪ್ಪಟೆ. ಟ್ಯಾಂಕ್ ಬಿಚ್ಚಲು ಮಾಲೀಕರು ಒಪ್ಪಿದರು. ಬಿಚ್ಚಿದಾಗ ಸ್ಟೀರಿಂಗ್ ಹೆಡ್ಡಿನ ಹಿಂದಿನ ಕೊಳವೆಯಲ್ಲಿ, ಅಂಗೈಯಷ್ಟು ಜಾಗದಲ್ಲಿ, ಹೊಸ ಕಪ್ಪು ಬಣ್ಣ. ಅದರ ಅಡಿಯಲ್ಲಿ ಬೆರಳಿಗೆ ಸಿಕ್ಕುವ ಸುಕ್ಕು.

ಯಜಮಾನರು ಕೇಳಿದರು, "ಇಂಜಿನ್ ಚೆನ್ನಾಗಿದೆಯಲ್ಲ ಸಾರ್, ಹತ್ತು ಸಾವಿರ ಕಮ್ಮಿ ಮಾಡಿದರೆ ತಗೋಬಹುದಾ?" ಬೇಡ ಎಂದೆ. ಚೈನ್ ಸೆಟ್ಟು, ಸೀಲು, ಟ್ಯಾಪೆಟ್ಟು, ಇವನ್ನೆಲ್ಲ ಬೆಲೆಯಲ್ಲಿ ಕಳೆಯಬಹುದು. ಬಾಗಿದ ಚಾಸಿಸ್ಸಿಗೆ ಕಳೆಯುವ ಲೆಕ್ಕವಿಲ್ಲ. ಅಂಥ ಗಾಡಿ ಊರೊಳಗೆ ಮೂವತ್ತು ನಲವತ್ತರ ವೇಗದಲ್ಲಿ ಏನೂ ಹೇಳದೆ ಓಡಿಬಿಡಬಹುದು. ಹೈವೇಯಲ್ಲಿ ವೇಗ ಏರಿದಾಗ, ಹಿಂದೆ ಒಬ್ಬರು ಕೂತಾಗ, ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಅದು ಒಂದು ಪಕ್ಕಕ್ಕೆ ಎಳೆಯುತ್ತದೆ. ಮಾಲೀಕರಿಗೆ ನಿಜವಾಗಿಯೂ ಗೊತ್ತಿರಲಿಲ್ಲ, ಅವರೂ ಅದನ್ನು ಇನ್ನೊಬ್ಬರಿಂದ ಕೊಂಡವರೇ.

ಓಡಿಸಿ ನೋಡುವುದು ಇಷ್ಟೆಲ್ಲ ಆದ ಮೇಲೆ. ಹೆಲ್ಮೆಟ್ ಹಾಕಿ, ಇನ್ಷೂರೆನ್ಸ್ ಚಾಲ್ತಿಯಲ್ಲಿದೆಯೇ ಎಂದು ಕೇಳಿ, ಖಾಲಿ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹ್ಯಾಂಡಲನ್ನು ಸಡಿಲವಾಗಿ ಹಿಡಿದು ಹೋಗಿ. ಕೈ ಪೂರ್ತಿ ಬಿಡುವ ಸಾಹಸ ಬೇಡ. ನಮ್ಮ ರಸ್ತೆಗಳು ನೀರು ಹರಿಯಲೆಂದು ಅಂಚಿನ ಕಡೆಗೆ ಇಳಿಜಾರಾಗಿರುತ್ತವೆ, ಎಡಕ್ಕೆ ತುಸು ಎಳೆದರೆ ಅದು ರಸ್ತೆಯದ್ದೂ ಆಗಿರಬಹುದು. ಸಮತಟ್ಟಾದ ಮೈದಾನದಲ್ಲೋ, ವಾಹನವಿಲ್ಲದ ರಸ್ತೆಯ ನಡುವಿನಲ್ಲೋ ಮತ್ತೊಮ್ಮೆ ನೋಡಿ. ಹ್ಯಾಂಡಲ್ ನೇರ ಬಂದ ಜಾಗದಲ್ಲಿ ಕಚ್ಚಿಕೊಂಡಂತೆ ಆದರೆ ಕೋನ್ ಸೆಟ್ ಹೋಗಿದೆ, ಅದು ಬದಲಾಯಿಸುವ ಸಾಮಾನು. ಹದಿನೈದು ನಿಮಿಷ ಓಡಿಸಿ ಬಂದು, ಬಿಸಿ ಇಂಜಿನ್ನಿನ ಸದ್ದನ್ನು ಇನ್ನೊಮ್ಮೆ ಕೇಳಿ, ಫೋರ್ಕ್ ಪೈಪುಗಳನ್ನು ಇನ್ನೊಮ್ಮೆ ಒರೆಸಿ ನೋಡಿ.

ಕೊನೆಯಲ್ಲಿ ಒಂದು ಮಾತು ಮಾರುವವರಿಗೆ. ನಿಮ್ಮ ಗಾಡಿ ಗುದ್ದಿದ್ದರೆ, ಚಾಸಿಸ್ ರಿಪೇರಿಯಾಗಿದ್ದರೆ, ಕೊಳ್ಳಲು ಬಂದವರಿಗೆ ಅದನ್ನು ಹೇಳಿಯೇ ಮಾತು ಶುರು ಮಾಡಿ. ಗಾಡಿಯಾಗಿ ಮಾರಲಾಗದಿದ್ದರೂ ಒಳ್ಳೆಯ ಇಂಜಿನ್ನಿಗೆ, ಚಕ್ರಕ್ಕೆ, ಟ್ಯಾಂಕಿಗೆ ಬೆಲೆ ಸಿಗುತ್ತದೆ. ಆರ್‌ಟಿಒ ಕಚೇರಿಯಲ್ಲಿ ನೋಂದಣಿ ರದ್ದು ಮಾಡಿಸಿ ಬಿಡಿಭಾಗವಾಗಿ ಮಾರಿ. ಬಾಗಿದ ಚಾಸಿಸ್ ಇನ್ನೊಬ್ಬರ ಮನೆಯ ಹುಡುಗನ ಕೈಗೆ ಹೋಗದಿರಲಿ.